ಮಂತ್ರವಾದಿಯ ಬಳಿ ಹೋಗಿದ್ದನ್ನು ಮನೋವೈದ್ಯರಿಗೆ ಹೇಳಿ

ಮನೋವೈದ್ಯರ ಮುಂದೆ ಕುಳಿತ ಅನೇಕ ಕುಟುಂಬಗಳು ದೇವರು ಕೇಳಿಸಿದ್ದನ್ನೂ ತಾಯತ ಕಟ್ಟಿಸಿದ್ದನ್ನೂ ಬಾಯಿಬಿಡುವುದಿಲ್ಲ. ಬೈಯುತ್ತಾರೆಂಬ ಅಂಜಿಕೆ ಒಂದು, ರೋಗಕ್ಕೂ ಅದಕ್ಕೂ ಏನು ಸಂಬಂಧವೆಂಬ ಅನುಮಾನ ಇನ್ನೊಂದು. ಆದರೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಡಿಎಸ್‌ಎಂ-5ರ ಜೊತೆ ಕೊಟ್ಟ ಸಾಂಸ್ಕೃತಿಕ ಸಂದರ್ಶನದ 16 ಪ್ರಶ್ನೆಗಳಲ್ಲಿ, ಹಿಂದೆ ಯಾರ್‍ಯಾರ ಬಳಿ ಪರಿಹಾರ ಹುಡುಕಿದಿರಿ, ಯಾವುದರಿಂದ ಉಪಯೋಗವಾಯಿತು ಎಂಬುದೂ ಸೇರಿದೆ. ಮನೆಯವರಿಗಾಗಿಯೇ ಬೇರೆ ಪ್ರಶ್ನಾವಳಿಯಿದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರು ಇದನ್ನೆಲ್ಲ ಕೇಳದೇ ಇರಬಹುದು. ಅದಕ್ಕೇ ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು.

ಒಂದು ಉದಾಹರಣೆ ನೋಡೋಣ. ಇಪ್ಪತ್ತೆರಡರ ಯುವಕನೊಬ್ಬ ಯುಗಾದಿಯ ಹೊತ್ತಿಗೆ ನಿದ್ದೆಗೆಟ್ಟ. ಯಾರೋ ಬೈಯುವ ದನಿ ಕೇಳಿಸುತ್ತದೆ ಎಂದ. ತಾಯಿಗೆ ಗಾಳಿ ಸೋಕಿದೆ ಎನಿಸಿತು, ಚಿಕ್ಕಪ್ಪ ಮಾಟವೆಂದರು, ಹುಡುಗ ಮಾತ್ರ ಪರೀಕ್ಷೆಯ ಒತ್ತಡವೆಂದ. ಈ ಮೂರನ್ನೂ ಯಾರು ಹೇಳಿದ್ದೆಂಬುದರ ಸಮೇತ ಬರೆಯಿರಿ. ‘ಮನೆಯವರ ಅಭಿಪ್ರಾಯ’ ಎಂದು ಒಂದೇ ಸಾಲಿಗೆ ಇಳಿಸಿದರೆ, ನಾಳೆ ಮಾತ್ರೆ ಬೇಡವೆನ್ನುವವರು ಯಾರೆಂದು ವೈದ್ಯರಿಗೆ ತಿಳಿಯುವುದೇ ಇಲ್ಲ. ಆಮೇಲೆ ಹೋದ ಜಾಗ, ಮಾಡಿಸಿದ್ದು, ಹಾಕಿದ ಪಥ್ಯ, ಎಷ್ಟು ದಿನ ಎಂಬುದನ್ನು ಬರೆಯಿರಿ.

ಹೆಚ್ಚಿನವರು ಎಡವುವುದು ‘ಅದರಿಂದ ಏನೂ ಆಗಲಿಲ್ಲ’ ಎಂಬ ಮಾತಿನಲ್ಲಿ. ವೈದ್ಯರನ್ನು ಮೆಚ್ಚಿಸಲು ಹೀಗೆನ್ನುತ್ತಾರೆ. ಪೂಜೆಯ ನಂತರ ಹುಡುಗ ಎರಡು ವಾರ ಚೆನ್ನಾಗಿದ್ದದ್ದು ಮರೆಯಾಗುತ್ತದೆ. ಕೆಲವು ಮನೋರೋಗಗಳು ಏರಿ ತಾವಾಗಿಯೇ ಇಳಿಯುತ್ತವೆ, ಮತ್ತೆ ಏರುತ್ತವೆ. ಆ ಎರಡು ವಾರ ರೋಗದ ಗತಿಯನ್ನೇ ತೋರಿಸುತ್ತಿರಬಹುದು, ಇಲ್ಲವೇ ನಿದ್ದೆ ಸರಿಹೋದದ್ದರ ಫಲವಿರಬಹುದು. ಅದನ್ನು ಹೇಳಿದರೆ ಪೂಜೆಯೇ ಗುಣಮಾಡಿತು ಎಂದು ನಾವೇ ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಯಾವಾಗ ಇಳಿಯಿತು, ಯಾವಾಗ ಮರಳಿತು ಎಂಬುದು ನೀವು ಕೊಡುವ ಮಾಹಿತಿ. ಕಾರಣ ಹುಡುಕುವುದು ವೈದ್ಯರ ಕೆಲಸ. ಕುಡಿಸಿದ ಕಷಾಯ ಅಥವಾ ಪುಡಿ ಉಳಿದಿದ್ದರೆ ಪೊಟ್ಟಣ ಸಹಿತ ಒಯ್ಯಿರಿ. ಅದರಲ್ಲಿ ಉಮ್ಮತ್ತಿಯ ಅಂಶವಿದ್ದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಇಲ್ಲದ್ದು ಕಾಣುವ ಗೊಂದಲ ಉಂಟಾಗುತ್ತದೆ. ಅದನ್ನೇ ಮೂಲ ರೋಗವೆಂದು ತಿಳಿಯುವ ಅಪಾಯವಿದೆ.

‘ಇಂಗ್ಲಿಷ್ ಔಷಧಿ ತಗೊಂಡರೆ ಮಂತ್ರ ಕೆಡುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಅದನ್ನು ಮುಚ್ಚಿಡಬೇಡಿ, ಮಾತ್ರೆ ಸದ್ದಿಲ್ಲದೆ ನಿಲ್ಲುವುದು ಇಂಥ ಮಾತಿನಿಂದಲೇ. ತಾಯತ ಬಿಚ್ಚದೆಯೂ ಮಾತ್ರೆ ನುಂಗಬಹುದು. ಬಿಚ್ಚಲೇಬೇಕೆಂದು ಹಟ ಹಿಡಿಯುವ ವೈದ್ಯರು ರೋಗಿಯನ್ನು ದೂರ ಮಾಡಿಕೊಳ್ಳುತ್ತಾರೆ. ಹೊಡೆತ, ಉಪವಾಸ, ಸರಪಳಿ ನಡೆದಿದ್ದರೆ ಅದನ್ನೂ ಹೇಳಿ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನಿಷಿದ್ಧ. ರೋಗಿ ಸಾಯುವ ಮಾತಾಡುತ್ತಿದ್ದರೆ ಹಾಳೆ ಬರೆಯುತ್ತ ಕೂರದೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.