ಅವಿಭಕ್ತ ಕುಟುಂಬದಿಂದ ವಿಭಕ್ತ ಕುಟುಂಬಕ್ಕೆ: ಒಂದು ಕಥೆ, ಒಂದು ಟಿಪ್ಪಣಿ

ಕಥೆ: ಹಾವೇರಿ ಕಡೆಯ ಒಂದು ಹಳ್ಳಿ. ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಎಲ್ಲರಿಗೂ ಒಂದೇ ಒಲೆ. ಕಿರಿಯವನಿಗೆ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿ, ಮಗಳೊಂದಿಗೆ ಬಾಡಿಗೆ ಮನೆ ಹಿಡಿದ. ಮೊದಲು ಅಜ್ಜಿಯ ಮಡಿಲಲ್ಲಿರುತ್ತಿದ್ದ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಖರ್ಚಿನ ತೀರ್ಮಾನವನ್ನು ಗಂಡ ಹೆಂಡತಿಯೇ ಮಾಡುತ್ತಾರೆ. ಆದರೂ ಬಿತ್ತನೆಗೆ ಅವನು ಹಣ ಕಳಿಸುತ್ತಾನೆ. ಊರಿನಿಂದ ಜೋಳದ ಚೀಲ ಬರುತ್ತದೆ. ಹೊಲ ಇನ್ನೂ ಪಾಲಾಗಿಲ್ಲ.

ವಿಶ್ಲೇಷಣೆ: ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಪ್ರಕಾರ ಒಂದೇ ಸೂರು, ಒಂದೇ ಒಲೆ, ಸಾಮೂಹಿಕ ಆಸ್ತಿ, ಕೂಡಿ ಪೂಜೆ, ರಕ್ತಸಂಬಂಧ ಅವಿಭಕ್ತ ಕುಟುಂಬದ ಲಕ್ಷಣಗಳು. ಇಲ್ಲಿ ಮೊದಲ ಎರಡು ಕಳಚಿವೆ, ಸಾಮೂಹಿಕ ಆಸ್ತಿ ಉಳಿದಿದೆ. ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ, ಬೇರೆ ವಾಸದಿಂದಷ್ಟೇ ಕುಟುಂಬ ವಿಭಕ್ತವಾಗದು, ಆಸ್ತಿ ಮತ್ತು ಪರಸ್ಪರ ಹೊಣೆಗಾರಿಕೆಯನ್ನೂ ನೋಡಬೇಕು ಎಂದರು. ಸಮಾಜಶಾಸ್ತ್ರಜ್ಞ ಎ.ಎಂ. ಷಾ ‘ಮನೆವಾರ್ತೆ’ ಮತ್ತು ‘ಕುಟುಂಬ’ವನ್ನು ಬೇರೆಬೇರೆಯಾಗಿ ಗುರುತಿಸಿದರು.

ನೆನಪಿಡಿ: ಈ ಕಥೆಯಲ್ಲಿ ವಾಸ ವಿಭಕ್ತ, ಸಂಬಂಧ ಅವಿಭಕ್ತ. ಹೊಲ ಪಾಲಾಗಿ, ಹಣ ಮತ್ತು ಧಾನ್ಯದ ಕೊಡುಕೊಳ್ಳುವಿಕೆ ನಿಂತರೆ ವಿಭಜನೆ ಪೂರ್ಣ.