ಮೇವಿನ ಜೋಳದ ಸೈನಿಕ ಹುಳುವಿಗೆ ಬೇವಿನ ಕಷಾಯ: ಯಾವಾಗ ಫಲ, ಯಾವಾಗ ವ್ಯರ್ಥ



ಮೇವಿಗೆಂದು ಬಿತ್ತಿದ ಮುಸುಕಿನ ಜೋಳದ ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಎಲೆಗಳಲ್ಲಿ ಸಾಲು ತೂತು ಕಂಡರೆ ಅದು ಫಾಲ್ ಸೈನಿಕ ಹುಳುವಿನ ಕೆಲಸ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಕಾಳಿಗೆ ಬೆಳೆದ ಜೋಳಕ್ಕೂ ಮೇವಿನ ಜೋಳಕ್ಕೂ ಒಂದು ವ್ಯತ್ಯಾಸವಿದೆ. ಮೇವಿನ ಜೋಳದ ಎಲೆ, ದಂಟು ಎಲ್ಲವೂ ಹಸುವಿನ ಹೊಟ್ಟೆಗೆ ಹೋಗುತ್ತದೆ. ಎಲೆಯ ಮೇಲೆ ಉಳಿದ ವಿಷ ಹಾಲಿಗೂ ಬರಬಹುದು. ಆದ್ದರಿಂದ ಇಲ್ಲಿ ಮೊದಲು ಬೇವನ್ನು ನೋಡಬೇಕು. ಆದರೆ ಅದರ ಮಿತಿ ತಿಳಿದು ಬಳಸಬೇಕು.

ಬೇವು ಹುಳುವನ್ನು ಹೇಗೆ ತಡೆಯುತ್ತದೆ?

ಬೇವಿನ ಬೀಜದ ತಿರುಳಿನಲ್ಲಿರುವ ಮುಖ್ಯ ಅಂಶ ಅಜಾಡಿರಾಕ್ಟಿನ್. ಇದು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು, ಸಿಂಪಡಿಸಿದ ಎಲೆ ಹುಳುವಿಗೆ ರುಚಿಸುವುದಿಲ್ಲ. ಅದು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಎರಡನೆಯದು, ಸ್ವಲ್ಪ ತಿಂದರೂ ಪೊರೆ ಬಿಡಲು ಬೇಕಾದ ಹಾರ್ಮೋನು ಏರುಪೇರಾಗುತ್ತದೆ. ಮರಿಹುಳು ಬೆಳೆಯಬೇಕಾದರೆ ಆರು ಹಂತ ದಾಟಬೇಕು, ಪ್ರತಿ ಹಂತಕ್ಕೂ ಹಳೆ ಪೊರೆ ಕಳಚಬೇಕು. ಬೇವು ತಿಂದ ಹುಳು ಪೊರೆಯಲ್ಲೇ ಸಿಕ್ಕಿಕೊಂಡು, ಇಲ್ಲವೇ ಬೆಳೆಯದೆ ಸಾಯುತ್ತದೆ. ಇದಕ್ಕೆ ಕೆಲವು ದಿನಗಳು ಬೇಕು. ಮರುದಿನ ಹುಳು ಜೀವಂತವಾಗಿದೆ ಎಂದು ಔಷಧ ಫಲಿಸಲಿಲ್ಲ ಎನ್ನಬೇಡಿ.

ಕಷಾಯ ಮಾಡುವ ಕ್ರಮ

ಅರ್ಧ ಎಕರೆಗೆ 100 ಲೀಟರ್ ಕಷಾಯ ಸಾಕು. ಅದಕ್ಕೆ 5 ಕೆ.ಜಿ. ತಿರುಳಿನ ಪುಡಿ ಬೇಕು. ಹಣ್ಣಿನ ಸಿಪ್ಪೆ ತೆಗೆದು, ನೆರಳಿನಲ್ಲಿ ಒಣಗಿಸಿದ ಬೀಜ ಬಳಸಿ. ಬೂಸ್ಟು ಹಿಡಿದ ಬೀಜದಲ್ಲಿ, ವರ್ಷ ದಾಟಿದ ಬೀಜದಲ್ಲಿ ಅಂಶ ಕುಗ್ಗಿರುತ್ತದೆ. ಬೇವಿನ ಎಲೆಯಲ್ಲಿ ಅಜಾಡಿರಾಕ್ಟಿನ್ ತೀರ ಕಡಿಮೆ. ಎಲೆ ಅರೆದು ಸಿಂಪಡಿಸಿ ಬೀಜದ ಫಲ ನಿರೀಕ್ಷಿಸಬೇಡಿ.

ಪುಡಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಡಿ. ಬೆಳಿಗ್ಗೆ ಗಂಟನ್ನು ಹಲವು ಬಾರಿ ಅದ್ದಿ ಹಿಂಡಿ, ಬಿಳಿ ಹಾಲಿನಂಥ ರಸ ಬರುತ್ತದೆ. ಸೋಸಿ, 100 ಗ್ರಾಂ ಸೋಪನ್ನು ಕರಗಿಸಿ ಸೇರಿಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಬೆರೆಸಿ. ಸೋಪು ಇಲ್ಲದಿದ್ದರೆ ಕಷಾಯ ಎಲೆಗೆ ಅಂಟದೆ ಜಾರಿಹೋಗುತ್ತದೆ. ಸಿದ್ಧವಾದದ್ದನ್ನು ಅದೇ ದಿನ ಮುಗಿಸಿ.

ಬೀಜ ಸಿಗದಿದ್ದರೆ ಅಂಗಡಿಯ 1500 ಪಿಪಿಎಂ ಅಜಾಡಿರಾಕ್ಟಿನ್ ಅನ್ನು ಲೀಟರಿಗೆ 5 ಮಿ.ಲೀ.ನಂತೆ, ಅಂದರೆ 100 ಲೀಟರಿಗೆ ಅರ್ಧ ಲೀಟರ್ ಬೆರೆಸಿ. ಬಾಟಲಿಯ ಮೇಲಿನ ಸಂಖ್ಯೆ ನೋಡಿಯೇ ಕೊಳ್ಳಿ. 300 ಪಿಪಿಎಂ ಬಾಟಲಿಯಲ್ಲಿ ಇದರ ಐದನೇ ಒಂದು ಭಾಗ ಅಂಶ ಮಾತ್ರ ಇರುತ್ತದೆ.

ಒಂದು ಉದಾಹರಣೆ

ಅರ್ಧ ಎಕರೆ ಆಫ್ರಿಕನ್ ಟಾಲ್ ಇದೆ, ಮೊಳೆತು 12 ದಿನವಾಗಿದೆ ಎಂದಿಟ್ಟುಕೊಳ್ಳಿ. ಹೊಲದ ಐದು ಕಡೆ ತಲಾ 20 ಗಿಡ, ಒಟ್ಟು 100 ಗಿಡ ನೋಡಿ. 7 ಗಿಡಗಳ ಎಲೆಯಲ್ಲಿ ಕಾಗದದಂಥ ಬಿಳಿ ಗೆರೆ, ಸಣ್ಣ ತೂತು ಇವೆ. ಹುಳು ಅರ್ಧ ಸೆಂಟಿಮೀಟರ್ ಸಹ ಇಲ್ಲ. ನೂರಕ್ಕೆ 5 ಗಿಡ ದಾಟಿದೆ, ಹುಳು ಎಳೆಯದು. ಬೇವಿಗೆ ಇದೇ ಸರಿಯಾದ ಸಮಯ.

ಬಿಸಿಲು ಇಳಿದ ಮೇಲೆ, ನಾಜಲ್ಲನ್ನು ಸುಳಿಯ ಕಡೆಗೇ ಹಿಡಿದು ಸಿಂಪಡಿಸಿ. ಐದಾರು ಗಿಡಗಳಿಗೆ ದಾರ ಕಟ್ಟಿ ಗುರುತಿಡಿ. ಐದು ದಿನಗಳ ನಂತರ ಹೊಸದಾಗಿ ಬಂದ ಎಲೆ ನೋಡಿ. ಅದು ಸ್ವಚ್ಛವಾಗಿದ್ದು, ಸುಳಿಯಲ್ಲಿ ಹಸಿ ಹಿಕ್ಕೆ ಇಲ್ಲದಿದ್ದರೆ ಕಷಾಯ ಕೆಲಸ ಮಾಡಿದೆ. ಹೊಸ ತೂತು ಕಂಡರೆ ಏಳರಿಂದ ಹತ್ತು ದಿನಗಳೊಳಗೆ ಇನ್ನೊಮ್ಮೆ ಸಿಂಪಡಿಸಿ.

ಎಲ್ಲಿ ಸೋಲುತ್ತದೆ?

ಬೇವಿನ ಅಂಶ ಬಿಸಿಲಿಗೆ ಬೇಗ ಕೆಡುತ್ತದೆ; ಅದರ ಬಲ ಕೆಲವೇ ದಿನ. ಮಧ್ಯಾಹ್ನ ಸಿಂಪಡಿಸಿದರೆ ಅರ್ಧ ಶ್ರಮ ಹೋದಂತೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಕ್ಷಾರ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲೂ ಅದು ಒಡೆಯುತ್ತದೆ. ಸೋಪಿಗೆ ನೊರೆಯೇ ಬಾರದ ಗಡಸು ನೀರಾದರೆ ಮಳೆ ನೀರು ಅಥವಾ ಬೇರೆ ನೀರು ಬಳಸಿ.

ಎಲ್ಲಕ್ಕಿಂತ ದೊಡ್ಡ ಮಿತಿ ಹುಳುವಿನ ಗಾತ್ರ. ಒಂದು ಸೆಂಟಿಮೀಟರ್ ದಾಟಿದ ಹುಳು ಸುಳಿಯ ಆಳದಲ್ಲಿ ಹಿಕ್ಕೆಯ ಮುಚ್ಚಳದಡಿ ಕೂತಿರುತ್ತದೆ. ಕಷಾಯ ಅಲ್ಲಿಗೆ ತಲುಪುವುದಿಲ್ಲ, ತಲುಪಿದರೂ ಹುಳು ಸಾಯುವ ಮೊದಲೇ ಸುಳಿ ಹಾಳಾಗಿರುತ್ತದೆ. ಅರ್ಧ ಎಕರೆಯಾದರೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಬೆಳೆ ಹೂವಿಗೆ ಹತ್ತಿರವಿದ್ದರೆ ಕಟಾವು ಮಾಡಿ ಮೇವಿಗೆ ಬಳಸುವುದೇ ಮೇಲು. ರಾಸಾಯನಿಕ ಅನಿವಾರ್ಯವೆನಿಸಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಕಟಾವಿಗೆ ಮೊದಲು ಎಷ್ಟು ದಿನ ಬಿಡಬೇಕೆಂದು ತಿಳಿದು ಮುಂದುವರಿಯಿರಿ. ಅಂಗಡಿಯ ಬೇವಿನ ಔಷಧಕ್ಕೂ ಬಾಟಲಿಯ ಮೇಲಿನ ಅವಧಿಯನ್ನು ಪಾಲಿಸಿ, ಆಮೇಲೆಯೇ ಮೇವು ಕೊಯ್ಯಿರಿ.

ಮುಂದಿನ ಬಿತ್ತನೆಯಿಂದ ಮೊಳೆತ ಹತ್ತನೇ ದಿನಕ್ಕೇ ಹೊಲಕ್ಕೆ ಇಳಿದು ನೂರು ಗಿಡ ಎಣಿಸಿ. ಬೇಸಿಗೆ ಕಳೆಯುವಾಗ ಬೇವಿನ ಹಣ್ಣು ಉದುರತೊಡಗಿದರೆ ಆರಿಸಿಟ್ಟುಕೊಳ್ಳಿ.