ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ: ಇಮೊಬಿಲೈಸರ್ ದೋಷಪತ್ತೆಯ ಒಂದು ಪಾಠ

ತರಗತಿ: ಐಟಿಐ, ಮೋಟಾರು ವಾಹನ ಮೆಕ್ಯಾನಿಕ್
ಅವಧಿ: 40 ನಿಮಿಷ
ಉಪಕರಣಗಳು: ಇಮೊಬಿಲೈಸರ್ ಇರುವ ಪೆಟ್ರೋಲ್ ಕಾರು, ಅದರ ಎರಡು ಕೀಗಳು, ಅಲ್ಯೂಮಿನಿಯಂ ಫಾಯಿಲ್, ಮಲ್ಟಿಮೀಟರ್

ಉದ್ದೇಶ: ದೋಷ ಕೀಯ ಚಿಪ್‌ನಲ್ಲಿದೆಯೋ, ಇಗ್ನಿಷನ್ ಲಾಕ್ ಸುತ್ತಲಿನ ಆಂಟೆನಾ ರಿಂಗ್‌ನಲ್ಲಿದೆಯೋ ಎಂಬುದನ್ನು ವಿದ್ಯಾರ್ಥಿಗಳು ಕ್ರಮವಾಗಿ ಬೇರ್ಪಡಿಸಬೇಕು.

ಪ್ರಾತ್ಯಕ್ಷಿಕೆ: ಒಂದು ಕೀಯ ತಲೆಭಾಗಕ್ಕೆ ಮೊದಲೇ ಫಾಯಿಲ್ ಬಿಗಿಯಾಗಿ ಸುತ್ತಿಟ್ಟಿದ್ದೆ. ಅದರಿಂದ ಸ್ಟಾರ್ಟ್ ಮಾಡಿದಾಗ ಸೆಲ್ಫ್ ಚೆನ್ನಾಗಿ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಕಾರಣ ಕೇಳಿದಾಗ ಹೆಚ್ಚಿನವರು ಫ್ಯುಯೆಲ್ ಪಂಪ್ ಎಂದರು. ಮತ್ತೆ ಕೀ ಆನ್ ಮಾಡಿ, ಡ್ಯಾಶ್‌ಬೋರ್ಡ್ ಮಾತ್ರ ನೋಡಲು ಹೇಳಿದೆ. ಈ ಕಾರಿನಲ್ಲಿ ಕೀ ಆನ್ ಮಾಡಿದ ಕೆಲವು ಸೆಕೆಂಡುಗಳಲ್ಲಿ ಆರಬೇಕಾದ ಇಮೊಬಿಲೈಸರ್ ದೀಪ ಮಿನುಗುತ್ತಲೇ ಇತ್ತು. ಕೀ ಗುರುತಾಗದಿದ್ದರೆ ಇಂಜಿನ್ ಕಂಟ್ರೋಲ್ ಯೂನಿಟ್ ಇಂಧನ ಅಥವಾ ಸ್ಪಾರ್ಕ್ ತಡೆಯುತ್ತದೆ. ಇಂಥ ಕಾರಿನಲ್ಲಿ ಸೆಲ್ಫ್ ತಡೆಯುವುದಿಲ್ಲ. ದೀಪ ನೋಡದೆ ಪಂಪ್ ಬದಲಿಸಿದರೆ ಗ್ರಾಹಕನ ಹಣ ವ್ಯರ್ಥ.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ: "ಸರ್, ರಿಮೋಟ್‌ನಿಂದ ಡೋರ್ ತೆರೆಯುತ್ತೆ. ಅಂದ್ರೆ ಕೀ ಸರಿ ಇದೆ ಅಲ್ವಾ?"

ಉತ್ತರವನ್ನು ಮಾಡಿ ತೋರಿಸಿದೆ. ಎರಡನೆಯ ಕೀಯ ರಿಮೋಟ್ ಬ್ಯಾಟರಿ ತೆಗೆದೆ. ಡೋರ್ ತೆರೆಯಲಿಲ್ಲ, ಇಂಜಿನ್ ಮಾತ್ರ ಸ್ಟಾರ್ಟ್ ಆಯಿತು. ರಿಮೋಟ್ ಬೇರೆ, ಚಿಪ್ ಬೇರೆ. ಚಿಪ್‌ಗೆ ಬ್ಯಾಟರಿ ಬೇಡ. ರಿಂಗ್‌ನ ಕಾಂತಕ್ಷೇತ್ರದಿಂದ ಶಕ್ತಿ ಪಡೆದು ತನ್ನ ಕೋಡ್ ಕಳುಹಿಸುತ್ತದೆ. ಕೀಯ ಕವಚ ಬದಲಿಸುವಾಗ ಆ ಪುಟ್ಟ ಚಿಪ್ ಹಳೆಯ ಕವಚದಲ್ಲೇ ಉಳಿದರೆ, ಇದೇ ಕಾರಣಕ್ಕೆ ಡೋರ್ ತೆರೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ.

ಪರೀಕ್ಷೆಯ ಕ್ರಮ:

1. ಕೀಗೊಂಚಲಿನಿಂದ ಕೀಯನ್ನು ಬಿಡಿಸಿ ಪ್ರಯತ್ನಿಸಬೇಕು. ಪಕ್ಕದಲ್ಲಿರುವ ಇನ್ನೊಂದು ಚಿಪ್ ಕೀ ಅಥವಾ ಲೋಹ ಅಡ್ಡಿಯಾಗಬಹುದು.
2. ಎರಡನೆಯ ಕೀ ಹಾಕಬೇಕು. ಅದರಿಂದ ಸ್ಟಾರ್ಟ್ ಆದರೆ ರಿಂಗ್ ಸರಿಯಿದೆ; ದೋಷ ಮೊದಲ ಕೀಯದು. ಅದರ ಕವಚ ಬಿಚ್ಚಿ ಚಿಪ್ ಇದೆಯೇ, ಒಡೆದಿದೆಯೇ ನೋಡಬೇಕು.
3. ಎರಡೂ ಕೀ ವಿಫಲವಾದರೆ ರಿಂಗ್ ಕಡೆ ಹೋಗಬೇಕು. ಕೀ ಆಫ್ ಮಾಡಿ, ಕನೆಕ್ಟರ್ ಬಿಡಿಸಿ, ರಿಂಗ್‌ನ ಎರಡು ಪಿನ್‌ಗಳ ನಡುವೆ ಓಮ್ ಅಳೆಯಬೇಕು. ಮೀಟರ್ OL ತೋರಿಸಿದರೆ ಸುರುಳಿ ತುಂಡಾಗಿದೆ. ಓದು ಬಂದರೆ ಸರ್ವಿಸ್ ಮ್ಯಾನುಯಲ್‌ನ ಬೆಲೆಯೊಂದಿಗೆ ಹೋಲಿಸಬೇಕು.
4. ರಿಂಗ್ ಸರಿಯಿದ್ದರೆ ಮುಂದಿನದು ವೈರಿಂಗ್, ಫ್ಯೂಸ್, ಇಮೊಬಿಲೈಸರ್ ಯೂನಿಟ್.

ಮೂರನೆಯ ಹಂತಕ್ಕೆ ಒಂದು ಮಿತಿಯಿದೆ. ಮೂರು ಅಥವಾ ನಾಲ್ಕು ವೈರ್ ಇರುವ ರಿಂಗ್‌ನೊಳಗೆ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ. ಅದನ್ನು ಓಮ್ ನೋಡಿ ತೀರ್ಮಾನಿಸಬಾರದು. ಸಪ್ಲೈ ಮತ್ತು ಅರ್ತ್ ಪರೀಕ್ಷಿಸಬೇಕು.

ಮೌಲ್ಯಮಾಪನ: ಫಾಯಿಲ್ ಸುತ್ತಿದ ಕೀ, ಸರಿಯಾದ ಕೀ, ಕನೆಕ್ಟರ್ ಬಿಡಿಸಿದ ರಿಂಗ್ ಎಂಬ ಮೂರು ಸ್ಥಿತಿಗಳನ್ನು ಗುಂಪುಗಳಿಗೆ ಹೇಳದೆ ಕೊಟ್ಟೆ. ಉತ್ತರದ ಜೊತೆಗೆ "ಯಾವ ಪರೀಕ್ಷೆಯಿಂದ ಗೊತ್ತಾಯಿತು?" ಎಂದೂ ಬರೆಯಿಸಿದೆ. ಎರಡನೆಯ ಕೀ ಕೇಳದೆ ರಿಂಗ್ ಬಿಚ್ಚಲು ಹೊರಟ ಗುಂಪಿಗೆ, ಉತ್ತರ ಸರಿಯಿದ್ದರೂ ಪೂರ್ಣ ಅಂಕ ಕೊಡಲಿಲ್ಲ.